ಯಾವ ಜ?

ಸೀಮೆಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಅಪ್ಪನ ನೆನಪಾಗುತ್ತದೆ. ಅವರು ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮಸಿ ಒರೆಸಿ ಮೊಳೆಗಳನ್ನು ಅವುಗಳ ಗೂಡಿಗೆ ವಾಪಸು ಹಾಕುವಾಗ ನಾನೂ ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತಿರುತ್ತಿದ್ದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಗೂಡು. 'ನ', 'ರ', 'ದ' ಗೂಡುಗಳು ಯಾವಾಗಲೂ ತುಂಬಿ ತುಳುಕುತ್ತಿದ್ದವು. 'ಝ' ಗೂಡಿನಲ್ಲಿ ಮಾತ್ರ ಏಳೋ ಎಂಟೋ ಮೊಳೆಗಳು ತಳ ಕಚ್ಚಿಕೊಂಡು ಬಿದ್ದಿರುತ್ತಿದ್ದವು. ಅದೂ ಸಣ್ಣ ಅಚ್ಚಿನಲ್ಲಿ. ತಲೆಬರಹಕ್ಕೆ ಬಳಸುವ ದೊಡ್ಡ ಅಚ್ಚಿನಲ್ಲಿ 'ಝ' ಇರಲೇ ಇಲ್ಲ.

"ಝ ಯಾರಿಗೆ ಬೇಕಮ್ಮ? ಝರಿಗೊಂದು, ಝೇಂಕಾರಕ್ಕೊಂದು. ಅಷ್ಟಕ್ಕೇ ಯಾರು ತರಿಸ್ತಾರೆ?" ಎನ್ನುತ್ತಿದ್ದರು ಅಪ್ಪ.

ಅಪ್ಪನ ಆ ಲೆಕ್ಕ ತಪ್ಪಾಗಿತ್ತೆಂದು ನನಗೆ ಗೊತ್ತಾದದ್ದು ಎಪ್ಪತ್ತು ದಾಟಿದ ಮೇಲೆ, ಗ್ರಂಥಾಲಯದ ಓದುವ ಕೋಣೆಯಲ್ಲಿ.

ನಾನು ಆ ಗ್ರಂಥಾಲಯದಲ್ಲೇ ಕೆಲಸ ಮಾಡಿ ನಿವೃತ್ತಳಾದವಳು. ಮನೆಯಲ್ಲಿ ಕೂತು ಕೂತು ಮೊಣಕಾಲು ಹಿಡಿದುಕೊಂಡಾಗ, ಬೆಳಗ್ಗೆ ಹತ್ತರಿಂದ ಎರಡರವರೆಗೆ ಅಲ್ಲಿಗೇ ಹೋಗಿ ಕೂರುವುದು ಅಭ್ಯಾಸವಾಯಿತು. ಕೋಣೆಯ ಒಂದು ಮೂಲೆಯಲ್ಲಿ ಗುರುತಿನ ಕಾರ್ಡಿನ ಕೌಂಟರು ತೆರೆದಿದ್ದಾರೆ. ಬರೆಯಲು ಬಾರದವರಿಗೆ, ಕನ್ನಡಕ ಮರೆತು ಬಂದವರಿಗೆ ನಾನು ಅರ್ಜಿ ತುಂಬಿಕೊಡುತ್ತೇನೆ. ಯಾರೂ ನೇಮಿಸಿದ್ದಲ್ಲ. ಪೆನ್ನು ಇತ್ತು, ಹೊತ್ತೂ ಇತ್ತು.

ಕೌಂಟರಿನಲ್ಲಿ ಕೂರುವವಳು ಮೂವತ್ತರ ಆಸುಪಾಸಿನ ಹೆಂಗಸು. ಅವಳ ನಿಜವಾದ ಹೆಸರು ಕುತ್ತಿಗೆಯ ಪಟ್ಟಿಯಲ್ಲಿ ನೇತಾಡುತ್ತಿದ್ದರೂ ಅದನ್ನು ಓದಿದವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವಳು 'ಯಾವ-ಜ ಮೇಡಂ'. ಯಾಕೆಂದರೆ ಕೌಂಟರಿನ ಮುಂದೆ ಯಾರಾದರೂ ಹೆಸರು ಹೇಳಿದ ಕೂಡಲೇ ಅವಳು ತಲೆ ಎತ್ತಿ ಕೇಳುವ ಮೊದಲ ಪ್ರಶ್ನೆ ಅದು.

"ಜಮೀಲಾ."

"ಯಾವ ಜ?"

"ಅಯ್ಯೋ, ಜ ಅಂದ್ರೆ ಜ ಕಣಮ್ಮ. ಅದಕ್ಕೂ ಜಾತಕ ಕೇಳ್ತೀಯಲ್ಲ!"

ಅವಳು ನಗುತ್ತಾಳೆ, ಆದರೆ ಬಿಡುವುದಿಲ್ಲ. ಅವಳ ಬಳಿ ಒಂದು ದಪ್ಪ ನೋಟ್‌ಬುಕ್ ಇದೆ. ಎಡಗಡೆ ಅರಬ್ಬಿ ಅಕ್ಷರ, ಬಲಗಡೆ ಕನ್ನಡ ಅಕ್ಷರ. ಅರಬ್ಬಿಯಲ್ಲಿ ನಮ್ಮ 'ಜ'ದ ಹಾಗೆ ಉಲಿಯುವ ಅಕ್ಷರ ಒಂದು. ಅದಲ್ಲದೆ ಹಲ್ಲಿನ ಸಂದಿಯಲ್ಲಿ ಗಾಳಿ ಗುಂಯ್‌ಗುಟ್ಟುವ ಹಾಗೆ ನಮ್ಮ ಕಡೆಯವರು ಹೇಳುವ ಅಕ್ಷರಗಳು ನಾಲ್ಕು. ಕನ್ನಡದಲ್ಲಿ ಬರೆಯುವಾಗ ಒಬ್ಬರು ಎಲ್ಲಕ್ಕೂ 'ಜ' ಹಾಕುತ್ತಾರೆ, ಇನ್ನೊಬ್ಬರು 'ಝ' ಹಾಕುತ್ತಾರೆ. ಮತ್ತೊಬ್ಬರು ಬುದ್ಧಿ ಓಡಿಸಿ 'ಜ'ದ ಕೆಳಗೆ ಎರಡು ಚುಕ್ಕಿ ಇಡುತ್ತಾರೆ. ಆ ಚುಕ್ಕಿ ಎಷ್ಟೋ ಯಂತ್ರಗಳಿಗೆ ಅರ್ಥವಾಗದೆ ಮುದ್ರಣದಲ್ಲಿ ಅಕ್ಷರದ ಪಕ್ಕ ಒಂದು ಟೊಳ್ಳು ಸೊನ್ನೆ ಬಂದು ಕೂರುತ್ತದೆ. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣನ ಕಾರ್ಡಿನಲ್ಲಿ ಅಪ್ಪ ಒಬ್ಬ, ತಮ್ಮನ ಕಾರ್ಡಿನಲ್ಲಿ ಅಪ್ಪ ಇನ್ನೊಬ್ಬ. ಇದೆಲ್ಲ ನೋಡಿ ನೋಡಿ ಸಾಕಾಗಿ ಅವಳು ತನಗೆ ತಾನೇ ನಿಯಮ ಮಾಡಿಕೊಂಡಿದ್ದಳು: ಆ ಒಂದು ಅಕ್ಷರಕ್ಕೆ 'ಜ', ಈ ನಾಲ್ಕಕ್ಕೆ 'ಝ'. ಜಮೀಲಾಗೆ ಜ, ಝೈನಬ್‌ಗೆ ಝ. ಚುಕ್ಕಿ ಯಾರಿಗೂ ಇಲ್ಲ.

ಅವಳ ಮನೆಯಲ್ಲಿ ಅರಬ್ಬಿ ಓದುವವರು ಯಾರೂ ಇಲ್ಲ. ಅಕ್ಷರಗಳನ್ನು ಅವಳು ಕಲಿತದ್ದು ಇದೇ ಕೋಣೆಯಲ್ಲಿ ಪೇಪರು ಓದಲು ಬರುವ ಮುನ್ಷಿಗಳಿಂದ. ಅವರು ನಿವೃತ್ತ ಅರಬ್ಬಿ ಮೇಷ್ಟ್ರು. ಕಿವಿ ಮಂದ. ಹಾಗಾಗಿ ಮಧ್ಯಾಹ್ನದ ಹೊತ್ತು ಇವರಿಬ್ಬರ ಪಾಠ ಇಡೀ ಕೋಣೆಗೇ ಕೇಳಿಸುತ್ತಿತ್ತು. ಗೋಡೆಯ ಮೇಲೆ 'ನಿಶ್ಶಬ್ದ' ಎಂದು ಬರೆದಿದ್ದ ಫಲಕ ನನ್ನ ಕಾಲದ್ದು. ಅದು ಇವರಿಬ್ಬರ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ನೇತಾಡುತ್ತಿತ್ತು.

ಅವಳ ಕೆಲಸವನ್ನು ನೋಡುತ್ತ ಕೂರುವುದೇ ನನಗೆ ಒಂದು ಸಂತೋಷ. ಇಂಗ್ಲಿಷಿನಲ್ಲಿ ಹೆಸರು ಒತ್ತಿದರೆ ಯಂತ್ರವೇ ಪಕ್ಕದಲ್ಲಿ ಕನ್ನಡ ಮಾಡಿ ತೋರಿಸುತ್ತದೆ. ಬೇರೆ ಕೌಂಟರುಗಳಲ್ಲಿ ಅದನ್ನು ಹಾಗೇ ಒಪ್ಪಿಕೊಂಡು ಮುಂದಿನವರನ್ನು ಕರೆಯುತ್ತಾರಂತೆ. ಆ ಯಂತ್ರಕ್ಕೆ ಇಂಗ್ಲಿಷಿನ ಟಿ ಕಂಡರೆ ಒಮ್ಮೊಮ್ಮೆ 'ಟ'. ತಾಹಿರಾ ಎಂಬ ಹೂವಿನಂಥ ಹೆಸರು 'ಟಹಿರಾ' ಆಗಿ, ಬಾಗಿಲು ಬಡಿದ ಸದ್ದು ಬರುತ್ತದೆ. ಇವಳು ಮೊದಲು ಹೆಸರನ್ನು ಬಾಯಲ್ಲಿ ಹೇಳಿಸುತ್ತಾಳೆ. ಗೊತ್ತಿದ್ದವರಿಂದ ಅರಬ್ಬಿಯಲ್ಲಿ ಬರೆಸುತ್ತಾಳೆ. ಅವರು ತಂದ ಕಾಗದಗಳನ್ನು ಸಾಲಾಗಿ ಹರಡಿ ನೋಡುತ್ತಾಳೆ. ಯಂತ್ರ ಕೊಟ್ಟ ಕನ್ನಡವನ್ನು ಅಳಿಸಿ, ಒಂದೊಂದೇ ಅಕ್ಷರ ತಾನೇ ಒತ್ತುತ್ತಾಳೆ. ಆಮೇಲೆ ಪರದೆಯನ್ನು ಅವರ ಕಡೆ ತಿರುಗಿಸಿ, "ಜೋರಾಗಿ ಓದಿ" ಎನ್ನುತ್ತಾಳೆ. ಓದು ಬಾರದವರಿಗೆ ನಾನು ಓದಿ ಹೇಳಬೇಕು. ಇನ್ನೊಂದು ನಾನು ಗಮನಿಸಿದ್ದೆ. ಯಾರ ಕಾಗದದಲ್ಲಿ ಎಷ್ಟೇ ಎಡವಟ್ಟು ಇರಲಿ, 'ತಪ್ಪಾಗಿದೆ' ಎಂಬ ಮಾತು ಅವಳ ಬಾಯಲ್ಲಿ ಬರುವುದಿಲ್ಲ. "ಬೇರೆ ಥರ ಇದೆ" ಎನ್ನುತ್ತಾಳೆ.

ಒಂದು ಸೋಮವಾರ ಬೆಳಗ್ಗೆ ಟೈಲರು ಬಂದರು. ಮಾರುಕಟ್ಟೆಯ ತಿರುವಿನಲ್ಲಿ ಅವರ ಅಂಗಡಿ. ಈ ಬಡಾವಣೆಯ ಅರ್ಧ ಜನರ ಎದೆಯಳತೆ, ಸೊಂಟದಳತೆ ಅವರಿಗೆ ಬಾಯಿಪಾಠ. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು, ತೆಗೆಯಲು ಮರೆತಿದ್ದರು. ಜೊತೆಗೆ ಹದಿನೈದು ಹದಿನಾರರ ಮೊಮ್ಮಗಳು. ತಾಯಿತಂದೆ ಇಲ್ಲದ ಆ ಹುಡುಗಿಯನ್ನು ತಾತನೇ ಸಾಕಿದ್ದು. ಸಣ್ಣಗೆ, ಚುರುಕಾಗಿದ್ದ ಅವಳನ್ನು ಅವರು 'ಗುಬ್ಬಿ' ಎಂದೇ ಕರೆಯುತ್ತಿದ್ದರು.

"ಮೇಡಂ, ಇವಳಿಗೆ ವಿಜ್ಞಾನದ ವಸತಿ ಶಾಲೇಲಿ ಸೀಟು ಸಿಕ್ಕಿದೆ," ಎಂದರು ಟೈಲರು. ಹೇಳುವಾಗ ಅವರ ಬೆನ್ನು ಒಂದಿಷ್ಟು ನೆಟ್ಟಗಾಯಿತು. "ಆದ್ರೆ ಅಲ್ಲಿ ಗುಮಾಸ್ತರು ಕಾಗದ ನೋಡಿ, ಇದು ಮೂರು ಹುಡುಗಿಯರದ್ದು, ನಿಮ್ಮ ಮೊಮ್ಮಗಳದ್ದು ಯಾವುದು ಅಂತ ಕೇಳಿದ್ರು. ಶುಕ್ರವಾರದ ಒಳಗೆ ಎಲ್ಲ ಒಂದೇ ಥರ ಮಾಡಿಸ್ಕೊಂಡು ಬಂದ್ರೆ ಸರಿ, ಇಲ್ದಿದ್ರೆ ಸೀಟು ಮುಂದಿನವರಿಗೆ ಅಂದ್ರು."

ಯಾವ-ಜ ಮೇಡಂ ಕಾಗದಗಳನ್ನು ಸಾಲಾಗಿ ಹರಡಿದಳು. ನಾನೂ ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ಜನನ ಪ್ರಮಾಣಪತ್ರದಲ್ಲಿ 'ಜುಹಾ'. ಶಾಲೆಯ ದಾಖಲೆಯಲ್ಲಿ 'ಝೂಹ'. ಗುರುತಿನ ಕಾರ್ಡಿನಲ್ಲಿ 'ಡುಹಾ'.

"ನಾಲ್ಕು," ಎಂದಳು ಗುಬ್ಬಿ ತಗ್ಗಿದ ದನಿಯಲ್ಲಿ. ತನ್ನ ಪುಸ್ತಕದ ಹೊದಿಕೆಯನ್ನು ಮುಂದೆ ಮಾಡಿದಳು. ಅಲ್ಲಿ ಅವಳೇ ದುಂಡಾಗಿ ಬರೆದುಕೊಂಡಿದ್ದಳು: 'ದುಹಾ'.

"ಪುಣ್ಯ, ನಾಲ್ಕು ಜನಾನೂ ಬೇರೆ ಬೇರೆ ಊಟ ಕೇಳಲ್ಲ," ಎಂದರು ಟೈಲರು. ನಗಲು ನೋಡಿದರು, ಆಗಲಿಲ್ಲ.

"ಕಾರ್ಡಲ್ಲಿ ಡ ಹೇಗೆ ಬಂತು?" ಎಂದು ಯಾವ-ಜ ಮೇಡಂ ಕೇಳಿದಳು.

ಗುಬ್ಬಿ ತಲೆ ಬಗ್ಗಿಸಿದಳು. ಆಮೇಲೆ ಹೇಳಿದಳು. ಮೊದಲು ಕಾರ್ಡಿನಲ್ಲೂ 'ಜುಹಾ' ಎಂದೇ ಇತ್ತು. ಎರಡು ವರ್ಷದ ಹಿಂದೆ ಅವಳು ಅರಬ್ಬರು ತನ್ನ ಹೆಸರನ್ನು ಹೇಳುವುದನ್ನು ಮೊಬೈಲಿನಲ್ಲಿ ಕೇಳಿದಳು. ಅವರ ಬಾಯಲ್ಲಿ ಅದು ಜ ಅಲ್ಲ, ದ. ಇಷ್ಟು ದಿನ ಎಲ್ಲರೂ ತನ್ನನ್ನು ತಪ್ಪಾಗಿ ಕರೆದರು ಎಂದು ಅವಳಿಗೆ ಅನ್ನಿಸಿತು. ಶಾಲೆಯ ಗುರುತಿನ ಚೀಟಿಯಲ್ಲಿ ಹಟ ಹಿಡಿದು ಇಂಗ್ಲಿಷಿನ ಡಿ ಹಾಕಿಸಿಕೊಂಡಳು. ಅದನ್ನೇ ತೋರಿಸಿ ಬೇರೆ ಯಾವುದೋ ಕೌಂಟರಿನಲ್ಲಿ ಕಾರ್ಡನ್ನೂ ತಿದ್ದಿಸಿದಳು. ಯಂತ್ರ ಆ ಡಿಯನ್ನು ನೋಡಿ 'ಡ' ಎಂದಿತು. ಯಾರೂ ಓದಿ ನೋಡಲಿಲ್ಲ.

"ನಂದೇ ತಪ್ಪು," ಎಂದಳು.

"ಬೇರೆ ಥರ ಆಗಿದೆ, ಅಷ್ಟೆ," ಎಂದಳು ಯಾವ-ಜ ಮೇಡಂ. ಆದರೆ ಅವಳ ಮುಖ ಗಂಭೀರವಾಯಿತು. "ಕಾರ್ಡಿನ ಹೆಸರು ಜೀವಮಾನದಲ್ಲಿ ಎರಡೇ ಸಲ ತಿದ್ದೋಕೆ ಬಿಡ್ತಾರೆ. ಒಂದು ಖರ್ಚಾಯ್ತು. ಉಳಿದಿರೋದು ಒಂದು. ಈ ಸಲ ಏನು ಒತ್ತುತ್ತೀನೋ ಅದೇ ಕೊನೆ ತನಕ."

ಸಾಲಿನಲ್ಲಿ ಹಿಂದೆ ನಿಂತಿದ್ದವರೂ ಕಾಗದ ನೋಡಲು ಮುಂದೆ ಬಾಗಿದರು.

"ಹಾಗಾದ್ರೆ ಸರಿಯಾದದ್ದೇ ಹಾಕಿ, ಮೇಡಂ," ಎಂದರು ಟೈಲರು. "ಹುಟ್ಟಿದಾಗ ಯಾವನೋ ಗುಮಾಸ್ತ ಕೈಗೆ ಬಂದ ಜ ಬರೆದ. ಅವನ ತಪ್ಪನ್ನ ಈ ಮಗು ಜೀವಮಾನ ಪೂರ್ತಿ ಹೊರಬೇಕಾ? ಇವಳ ಅಮ್ಮ ಎಷ್ಟು ಆಸೆಪಟ್ಟು ಇಟ್ಟ ಹೆಸರು ಅದು."

ಯಾವ-ಜ ಮೇಡಂ ಎದ್ದು ಮುನ್ಷಿಗಳ ಬಳಿ ಹೋಗಿ, ಅವರು ಹಿಡಿದಿದ್ದ ಪೇಪರನ್ನು ಮೆಲ್ಲಗೆ ಕೆಳಗಿಳಿಸಿದಳು. "ಒಂದು ಅಕ್ಷರ ಬೇಕಿತ್ತು, ಬನ್ನಿ," ಎಂದಳು.

"ಅಕ್ಕಿನಾ?" ಎಂದರು ಮುನ್ಷಿಗಳು.

"ಅಕ್ಷರ!"

"ಹಾಗೆ ಹೇಳು. ಅದಾದ್ರೆ ನನ್ನ ಹತ್ರ ಇದೆ."

ಅವರು ಬಂದು ಕೂತು, ಗುಬ್ಬಿಯ ಹೆಸರನ್ನು ಕೇಳಿ, ನನ್ನ ಪೆನ್ನು ತೆಗೆದುಕೊಂಡು ಬಿಳಿ ಹಾಳೆಯ ಮೇಲೆ ಅರಬ್ಬಿಯಲ್ಲಿ ದೊಡ್ಡದಾಗಿ ಬರೆದರು. ಮುಪ್ಪಿನ ಕೈಯಾದರೂ ಗೆರೆ ಎಲ್ಲೂ ಅಲುಗಿರಲಿಲ್ಲ. "ಬೆಳಗ್ಗೆ ಸೂರ್ಯ ಹುಟ್ಟಿ, ಬಿಸಿಲು ಏರ್ತಾ ಬರುತ್ತಲ್ಲ, ಆ ಹೊತ್ತಿನ ಹೆಸರು ಇದು. ಈಗಿನ ಹೊತ್ತೇ ಅಂತ ಇಟ್ಕೋ," ಎಂದು ಕಿಟಕಿ ತೋರಿಸಿದರು. ಗಂಟೆ ಹತ್ತೂಕಾಲು. ಮೇಜಿನ ಅರ್ಧದವರೆಗೆ ಬಿಸಿಲು ಬಂದಿತ್ತು.

"ಮೊದಲನೇ ಅಕ್ಷರ ದ ತಾನೆ, ಮುನ್ಷಿ ತಾತ?" ಎಂದಳು ಗುಬ್ಬಿ ಆಸೆಯಿಂದ.

"ಅಲ್ಲ."

"ಮತ್ತೆ ಝ?" ಎಂದಳು ಯಾವ-ಜ ಮೇಡಂ ನೋಟ್‌ಬುಕ್ ತೆರೆಯುತ್ತ.

"ಅದೂ ಅಲ್ಲ. ನಾಲಿಗೆಯ ಪಕ್ಕದ ಅಂಚು ಮೇಲಿನ ದವಡೆ ಹಲ್ಲಿಗೆ ತಾಗಬೇಕು. ತಾಗಿಸಿ ನೋಡಿ."

ಸಾಲಿನಲ್ಲಿ ನಿಂತಿದ್ದವರೆಲ್ಲ ನಾಲಿಗೆ ಓರೆ ಮಾಡಿ ತಾಗಿಸಿ ನೋಡಿದರು. ನಾನೂ ನೋಡಿದೆ. ನನ್ನ ಕಟ್ಟಿಸಿದ ಹಲ್ಲು ಕಳಚಿ ಬರುವುದೊಂದು ಬಾಕಿ. ಕೋಣೆಯೆಲ್ಲ ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಸದ್ದು ಮಾಡಿತು. ಟೈಲರಿಗೂ ನಗು ಬಂತು.

"ಇದರ ಕಥೆ ಇಷ್ಟೇ," ಎಂದರು ಮುನ್ಷಿಗಳು. "ಅರಬ್ಬರ ಬಾಯಲ್ಲಿ ಇದು ದ ಕಡೆ ವಾಲುತ್ತೆ. ನಮ್ಮ ಕಡೆ ಮನೆಗಳಲ್ಲಿ ತಲೆಮಾರುಗಳಿಂದ ಝ ಕಡೆ ವಾಲಿದೆ. ಅಕ್ಷರದ ಹೆಸರನ್ನೇ ಅವರು ದಾದ್ ಅಂತಾರೆ, ನಾವು ಜ್ವಾದ್ ಅಂತೀವಿ. ಊರಿಗೆ ರಿಯಾದ್ ಅಂತಾರೆ, ಅದೇ ಅಕ್ಷರಗಳು ಮನುಷ್ಯನಿಗೆ ಬಂದಾಗ ನಮ್ಮಲ್ಲಿ ರಿಯಾಜ್. ಎರಡೂ ತಪ್ಪಲ್ಲ ಮಗಳೇ. ನಿನ್ನನ್ನ ಕರೆದವರು ಯಾರೂ ತಪ್ಪಾಗಿ ಕರೆದಿಲ್ಲ. ಕನ್ನಡದಲ್ಲಿ ಆ ಅಕ್ಷರಕ್ಕೆ ಸ್ವಂತ ಮನೆ ಇಲ್ಲ. ಯಾರದಾದ್ರೂ ಮನೇಲಿ ಬಾಡಿಗೆಗೆ ಇರಬೇಕು. ಯಾವ ಮನೆ ಅಂತ ನೀವೇ ಗೊತ್ತುಮಾಡಿ. ಮಿಕ್ಕಿದ್ದು ಸಲೀಸು. ಮುಂದೆ ಗಿಡ್ಡ ಉ, ಕೊನೆಗೆ ಉದ್ದ ಆ. ಹ ಅಲ್ಲ, ಹಾ."

ಯಾವ-ಜ ಮೇಡಂ ತನ್ನ ನೋಟ್‌ಬುಕ್ ನೋಡಿದಳು. ಅವಳ ನಿಯಮದ ಪ್ರಕಾರ 'ಝುಹಾ' ಆಗಬೇಕು. ಆದರೆ ತಿದ್ದುಪಡಿಗೆ ಆಧಾರವಾಗಿ ಕೊಡುವ ಕಾಗದದಲ್ಲಿ ಹೆಸರು ಹೇಗಿದೆಯೋ ಹಾಗೇ ಕಾರ್ಡಿನಲ್ಲಿ ಬರಬೇಕು. ಅಂದರೆ ಮೊದಲು ಜನನ ಪ್ರಮಾಣಪತ್ರದಲ್ಲೇ ಝ ಮಾಡಿಸಬೇಕು. ಅದಕ್ಕೆ ನೋಂದಣಿ ಕಚೇರಿಯಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಶುಕ್ರವಾರ ನಾಲ್ಕು ದಿನ ದೂರದಲ್ಲಿತ್ತು. 'ಜುಹಾ' ಎಂದೇ ಇಟ್ಟುಕೊಂಡರೆ ಕೆಲಸ ಆಗುತ್ತದೆ. ಜನನ ಪ್ರಮಾಣಪತ್ರದ ಮೇಲೆ ಕಾರ್ಡು ತಿದ್ದಬಹುದು. ಗುಬ್ಬಿಯ ಹೆಸರು ಇನ್ನೂ ಶಾಲೆಯ ಪಟ್ಟಿಯಲ್ಲೇ ಇರುವುದರಿಂದ ಮುಖ್ಯೋಪಾಧ್ಯಾಯರು ಅದೇ ಪತ್ರ ನೋಡಿ ಶಾಲೆಯ ದಾಖಲೆಯನ್ನೂ ಸರಿಮಾಡಿಕೊಡುತ್ತಾರೆ.

ಇದನ್ನೆಲ್ಲ ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಟೈಲರು ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿಸಿಕೊಂಡರು.

"ಅಂದ್ರೆ ಸೀಟಿಗೋಸ್ಕರ ತಪ್ಪನ್ನೇ ಒಪ್ಕೊಳ್ಳಿ ಅಂತೀರಾ?"

'ಜುಹಾ' ಎಂದು ಅವಳು ಒತ್ತಿಬಿಟ್ಟಿದ್ದರೆ ಐದು ನಿಮಿಷದ ಕೆಲಸ. ಹಿಂದೆ ಹದಿನಾಲ್ಕು ಜನ ನಿಂತಿದ್ದರು. ಆದರೂ ಅವಳು ಆ ಮಾತನ್ನು ಪಕ್ಕಕ್ಕೆ ಸರಿಸಲಿಲ್ಲ. ಟೈಲರ ಕಡೆ ತಿರುಗಿ, "ಪೋಷಕರ ಕಾರ್ಡು ಕೊಡಿ, ನಿಮ್ಮದು," ಎಂದಳು.

ಟೈಲರು ಕೊಟ್ಟರು. ಅವಳು ಅದನ್ನು ಓದಿ, ತಲೆ ಎತ್ತಿ, ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆಯನ್ನೇ ಕೇಳಿದಳು. ಆದರೆ ಈ ಸಲ ಅವಳ ದನಿ ಬೇರೆಯಾಗಿತ್ತು.

"ನಿಮ್ಮದು ಯಾವ ಜ?"

ಕಾರ್ಡಿನಲ್ಲಿ 'ರಿಯಾಜ್' ಎಂದಿತ್ತು.

ಮುನ್ಷಿಗಳು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಗುಬ್ಬಿಯ ಹೆಸರಿನ ಮೇಲೆ ತಾತನ ಹೆಸರನ್ನು ಬರೆದರು. ಬರೆದು ಮುಗಿಸಿ ಪೆನ್ನು ಕೆಳಗಿಟ್ಟರು. ನನಗೆ ಅರಬ್ಬಿ ಬಾರದು, ಆದರೆ ಮೊಳೆ ನೋಡಿ ಬೆಳೆದ ಕಣ್ಣು. ತಾತನ ಹೆಸರಿನ ಕೊನೆಯಲ್ಲಿ ಒಂದು ಅಕ್ಷರ ಹೊಟ್ಟೆ ಚಾಚಿ, ಬಾಲ ಇಳಿಬಿಟ್ಟು, ತಲೆಯ ಮೇಲೊಂದು ಚುಕ್ಕಿ ಇಟ್ಟುಕೊಂಡು ಕೂತಿತ್ತು. ಮೊಮ್ಮಗಳ ಹೆಸರಿನ ಮೊದಲಲ್ಲಿ ಅದೇ ಹೊಟ್ಟೆ, ಅದೇ ಚುಕ್ಕಿ. ಬಾಲ ಮಾತ್ರ ಇರಲಿಲ್ಲ. ಅದರ ಬದಲು ಪಕ್ಕದ ಅಕ್ಷರದ ಕೈ ಹಿಡಿದುಕೊಂಡಿತ್ತು.

"ಒಂದೇ ಅಕ್ಷರ," ಎಂದರು ಮುನ್ಷಿಗಳು. "ಕೊನೆಗೆ ಬಂದ್ರೆ ಬಾಲ ಇಳಿಬಿಡುತ್ತೆ. ಮೊದಲು ಬಂದ್ರೆ ಬಾಲ ಮಡಚಿ ಮುಂದಿನದಕ್ಕೆ ಕೈ ಕೊಡುತ್ತೆ. ತಾತನ ಹೆಸರು ಮುಗಿಯೋ ಅಕ್ಷರದಲ್ಲಿ ಮೊಮ್ಮಗಳ ಹೆಸರು ಶುರು."

ಟೈಲರು ಆ ಹಾಳೆಯನ್ನು ನೋಡುತ್ತಲೇ ಇದ್ದರು. ಆಮೇಲೆ ಅಳತೆಪಟ್ಟಿ ಬಿಟ್ಟು ಹಣೆಗೆ ಕೈ ಹಚ್ಚಿದರು.

"ಅಯ್ಯೋ, ಆ ಗುಮಾಸ್ತನನ್ನ ಸುಮ್ನೆ ಬೈದೆನಲ್ಲ! ಅವನಲ್ಲ ಮೇಡಂ, ನಾನೇ. ಈಗ ನೆನಪಾಯ್ತು. ಇವಳು ಹುಟ್ಟಿದಾಗ ನೋಂದಣಿಗೆ ಹೋದವನು ನಾನು. ಅವನು ಕೇಳಿದ, ಜಾನೋ ಝಾನೋ ಅಂತ. ಅಕ್ಷರ ಯಾವುದು ಅಂತ ಮಗಳು ಮೊದಲೇ ಹೇಳಿಕೊಟ್ಟಿದ್ಲು, ಅಪ್ಪಾ ನಿನ್ನ ಹೆಸರಿನ ಕೊನೇದೇ ಇದು ಅಂತ. ಹಾಗಾಗಿ ನಾನಂದೆ, ನನ್ನ ಹೆಸರಲ್ಲಿರೋ ಜ ಹಾಕಪ್ಪಾ ಅಂತ."

ಗುಬ್ಬಿ ತಾತನ ಮುಖವನ್ನೇ ನೋಡಿದಳು. "ಅಮ್ಮ ಹಾಗಂದಿದ್ಲಾ?"

"ಹಾಗೇ ಅಂದಿದ್ಲು ಗುಬ್ಬಿ. ಹದಿನಾರು ವರ್ಷ ಆಯ್ತು ನೋಡು, ಮರೆತೇಹೋಗಿತ್ತು."

"ಆದ್ರೆ ನಿಮ್ಮ ಹೆಸರಿಗೆ ಜ ಹಾಕಿದ್ದು ಯಾರು?" ಎಂದಳು ಯಾವ-ಜ ಮೇಡಂ. ಅವಳಿಗೆ ಇನ್ನೂ ಆ ಝ ಮನಸ್ಸಿನಿಂದ ಹೋಗಿರಲಿಲ್ಲ.

ನನ್ನ ಮೂಗಿಗೆ ಎಲ್ಲಿಂದಲೋ ಸೀಮೆಎಣ್ಣೆಯ ವಾಸನೆ ಬಂದ ಹಾಗಾಯಿತು.

"ನಾನು," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

ಟೈಲರ ಅಪ್ಪನೂ ಟೈಲರೇ. ಮಗ ಹುಟ್ಟಿದ ಖುಷಿಗೆ ಅಂಗಡಿಗೆ ಮಗುವಿನ ಹೆಸರಿಟ್ಟು, ರಸೀದಿ ಪುಸ್ತಕ ಅಚ್ಚು ಹಾಕಿಸಲು ನಮ್ಮ ಅಪ್ಪನ ಹತ್ತಿರ ಬಂದಿದ್ದರು. ಆಗ ಈ ಭಾಗಕ್ಕೆಲ್ಲ ಇದ್ದದ್ದು ಅದೊಂದೇ ಅಚ್ಚುಕೂಟ. ನನಗೆ ಹನ್ನೆರಡು ವರ್ಷ. ತಲೆಬರಹ ದೊಡ್ಡ ಅಚ್ಚಿನಲ್ಲಿ ಬರಬೇಕು, ಕೊನೆಗೆ ಝ ಬರಬೇಕು ಎಂದು ಅವರು ಹೇಳಿದರು. ದೊಡ್ಡ ಅಚ್ಚಿನಲ್ಲಿ ಝ ಇರಲಿಲ್ಲ. "ಜ ಹಾಕಲಾ?" ಎಂದರು ಅಪ್ಪ. ಟೈಲರ ಅಪ್ಪ, "ಹಾಕಿ. ನಾನು ಕರೆಯೋವಾಗ ಸರಿಯಾಗಿ ಕರೀತೀನಿ," ಎಂದರು. ನಮ್ಮ ಅಪ್ಪ ನನ್ನ ಕಡೆ ಕೈ ಚಾಚಿದರು. ಗೂಡಿನಿಂದ 'ಜ' ಮೊಳೆ ತೆಗೆದು ಅವರ ಅಂಗೈಗೆ ಹಾಕಿದವಳು ನಾನು.

"ಆ ರಸೀದಿ ನೋಡಿಯೇ ನನ್ನನ್ನ ಶಾಲೆಗೆ ಸೇರಿಸಿದ್ದು," ಎಂದರು ಟೈಲರು ಬೆರಗಾಗಿ. "ನಮ್ಮ ಅಬ್ಬಾ ಯಾವಾಗಲೂ ಹೇಳೋರು, ಹೆಸರು ಬರೆಸೋವಾಗ ಅಂಗಡಿ ರಸೀದಿ ತೋರಿಸು, ಅದ್ರಲ್ಲಿರೋ ಹಾಗೇ ಬರೆಸು ಅಂತ. ನಾನು ಎಲ್ಲೆಲ್ಲಿ ಹೆಸರು ಬರೆಸಿದೀನೋ ಎಲ್ಲ ಕಡೆ ಇದೇ ಜ, ಅರವತ್ತು ವರ್ಷದಿಂದ."

"ಅದಕ್ಕೇ ನಿಮ್ಮ ಕಾಗದಗಳಲ್ಲಿ ಒಂದೂ ಬೇರೆ ಥರ ಇಲ್ಲ!" ಎಂದಳು ಯಾವ-ಜ ಮೇಡಂ. ಅವಳ ಕಣ್ಣು ಅರಳಿತ್ತು. ಇನ್ನೊಬ್ಬ ಒಳ್ಳೆಯ ಕೆಲಸಗಾರ ಸಿಕ್ಕಾಗ ಆಗುವಂಥ ಸಂತೋಷ ಅದು. ಓದು ಅಷ್ಟಾಗಿ ಬಾರದ ಆ ಹಿರಿಯರು ಎಂದೋ ಒಂದು ರಸೀದಿ ಹಿಡಿದುಕೊಂಡು, ಅವಳು ನೋಟ್‌ಬುಕ್ ಇಟ್ಟು ಮಾಡುತ್ತಿದ್ದ ಕೆಲಸವನ್ನೇ ಮಾಡಿದ್ದರು.

"ಕ್ಷಮಿಸಿ," ಎಂದೆ ಟೈಲರಿಗೆ. "ಅಂದು ಝ ಇದ್ದಿದ್ರೆ..."

"ಬಿಡಿ ಅಕ್ಕಾ," ಎಂದರು ಅವರು. "ಇಲ್ಲದ ಬಟ್ಟೇಲಿ ಹೊಲಿಯೋಕಾಗುತ್ತಾ? ಇದ್ದದ್ರಲ್ಲಿ ಚೆನ್ನಾಗೇ ಹೊಲಿದ್ರಿ."

ಯಾವ-ಜ ಮೇಡಂ ಗುಬ್ಬಿಯ ಕಡೆ ತಿರುಗಿದಳು. "ನೋಡಮ್ಮ, ಹೆಸರು ನಿಂದು, ಉಳಿದಿರೋದು ಒಂದೇ ಸಲ. ನಾನು ಹೇಳಿದೆ ಅಂತಲೋ ತಾತ ಹೇಳಿದ್ರು ಅಂತಲೋ ಬೇಡ. ನೀನು ಹೇಳು. ಯಾವ ಜ?"

ಗುಬ್ಬಿ ಹಾಳೆಯ ಮೇಲಿನ ಎರಡು ಹೆಸರುಗಳನ್ನು ನೋಡಿದಳು. ತನ್ನ ಪುಸ್ತಕದ ಹೊದಿಕೆಯನ್ನೂ ನೋಡಿದಳು. ಎರಡು ವರ್ಷ ಹಟ ಹಿಡಿದು ಬರೆದ ದುಂಡು ಅಕ್ಷರ ಅದು. ಬಿಡಲು ಒಂದಿಷ್ಟು ಹೊತ್ತು ಬೇಕಾಯಿತು. ಯಾರೂ ಆತುರ ಮಾಡಲಿಲ್ಲ. ಸಾಲಿನಲ್ಲಿದ್ದ ಹಾಲಿನವರು ಗಡಿಯಾರ ನೋಡಲು ಹೋಗಿ, ಕೈ ಹಿಂದಕ್ಕೆ ಕಟ್ಟಿಕೊಂಡರು.

"ತಾತಂದು," ಎಂದಳು.

"ಓದೋವಾಗ?"

"ಓದೋವಾಗ ಮುನ್ಷಿ ತಾತ ಹೇಳಿದ ಹಾಗೆ ನಾಲಿಗೆ ಓರೆ ಮಾಡ್ಕೋತೀನಿ."

ಮುನ್ಷಿಗಳಿಗೆ ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿರಬೇಕು, ಜೋರಾಗಿ ನಕ್ಕರು.

ಆಮೇಲೆ ಕೆಲಸ. ಯಾವ-ಜ ಮೇಡಂ ಇಂಗ್ಲಿಷಿನ ಡಿ ತೆಗೆದು ಜನನ ಪ್ರಮಾಣಪತ್ರದಲ್ಲಿದ್ದ ಹಾಗೆ ಝಡ್ ಹಾಕಿದಳು. ಯಂತ್ರ ಕೂಡಲೇ 'ಝುಹ' ಎಂದು ತೋರಿಸಿತು. ಅವಳು ಅದನ್ನು ಅಳಿಸಿದಳು. 'ಜ' ಒತ್ತಿ, ಉಕಾರ ಕೊಟ್ಟಳು. 'ಹ' ಒತ್ತಿ, ದೀರ್ಘ ಎಳೆದಳು. ಪರದೆ ತಿರುಗಿಸಿದಳು. ಗುಬ್ಬಿ ಜೋರಾಗಿ ಓದಿದಳು. ಟೈಲರೂ ಓದಿದರು. ಪೋಷಕರ ಹೆಸರಿನ ಜಾಗದಲ್ಲಿ 'ರಿಯಾಜ್' ಎಂದು ಒತ್ತಿ ಅದನ್ನೂ ಓದಿಸಿದಳು. ಜನನ ಪ್ರಮಾಣಪತ್ರವನ್ನು ಸ್ಕ್ಯಾನ್ ಮಾಡಿದಳು. ಗುಬ್ಬಿಯ ಬೆರಳು ಇಡಿಸುವ ಮೊದಲು ಗಾಜನ್ನು ತನ್ನ ಸೆರಗಿನಿಂದ ಒರೆಸಿದಳು. ಟೈಲರ ಬೆರಳು ಯಂತ್ರಕ್ಕೆ ಹತ್ತಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಗೆರೆಗಳೇ ಸವೆದಿದ್ದವು. ಅವಳು ತನ್ನ ಚೀಲದಿಂದ ಕೈಗೆ ಹಚ್ಚುವ ಕ್ರೀಮು ತೆಗೆದು ಅವರ ಹೆಬ್ಬೆರಳಿಗೆ ಹಚ್ಚಿ, ಉಜ್ಜಿ, ಮತ್ತೆ ಇಡಿಸಿದಳು. ಮೂರನೇ ಸಲಕ್ಕೆ ಹತ್ತಿತು. ಒತ್ತುವ ಮೊದಲು ಒಂದು ಪ್ರತಿ ಮುದ್ರಿಸಿ, ನನ್ನ ಕೈಗೂ ಕೊಟ್ಟು, "ಅಮ್ಮಾ, ಮೊಳೆ ನೋಡೋ ಕಣ್ಣಿಂದ ಒಂದ್ಸಲ ನೋಡಿ," ಎಂದಳು. ನಾನು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿದೆ. ಸರಿಯಾಗಿತ್ತು. ಅವಳು ಒತ್ತಿದಳು.

ಅವರಿಬ್ಬರೂ ಮುಖ್ಯೋಪಾಧ್ಯಾಯರನ್ನು ಕಾಣಲು ಹೊರಟಾಗ ಹನ್ನೆರಡು ಗಂಟೆ. ಅಷ್ಟರಲ್ಲಿ ಸಾಲು ಬಾಗಿಲು ದಾಟಿತ್ತು. ಯಾವ-ಜ ಮೇಡಂಳ ಊಟದ ಡಬ್ಬಿ ಮೇಜಿನ ಕೆಳಗೆ ಇತ್ತು. ಅದನ್ನು ಅವಳು ಸಾಲಿನಲ್ಲಿ ತಲೆ ಸುತ್ತಿ ಕೂತ ಬಸುರಿಯೊಬ್ಬಳಿಗೆ ಕೊಟ್ಟು ಬಂದದ್ದನ್ನು ನಾನು ನೋಡಿದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಗುಬ್ಬಿಯೂ ನೋಡಿದಳೆಂದು ನನಗೆ ಆಗ ಗೊತ್ತಾಗಲಿಲ್ಲ. ಮಧ್ಯಾಹ್ನ ಯಾವ-ಜ ಮೇಡಂ ನೋಟ್‌ಬುಕ್ ತೆರೆದು ತನ್ನ ನಿಯಮದ ಕೆಳಗೆ ಏನೋ ಬರೆಯುತ್ತಿದ್ದಳು. ನಾನು ಇಣುಕಿದೆ. 'ಹೊಸ ಮಗುವಿಗೆ ಈ ಪಟ್ಟಿ. ಹಳೇ ಕಾಗದ ಇರುವವರಿಗೆ ಮೊದಲು ಮನೆಯ ಅಕ್ಷರ ಕೇಳು' ಎಂದಿತ್ತು.

ಮಂಗಳವಾರ ಕಳೆಯಿತು, ಬುಧವಾರ ಕಳೆಯಿತು. 'ಪರಿಶೀಲನೆಯಲ್ಲಿದೆ' ಎಂದೇ ಯಂತ್ರ ಹೇಳುತ್ತಿತ್ತು. ಅವಳು ಎರಡು ಜನರ ನಡುವೆ ಬಿಡುವು ಸಿಕ್ಕಾಗಲೆಲ್ಲ ಆ ಅರ್ಜಿಯ ಸಂಖ್ಯೆ ಒತ್ತಿ ನೋಡುತ್ತಿದ್ದಳು. ಸಂಖ್ಯೆ ಅವಳಿಗೆ ಬಾಯಿಗೇ ಬಂದಿತ್ತು.

ಗುರುವಾರ ಹನ್ನೆರಡೂವರೆಗೆ ಗುಬ್ಬಿ ಒಬ್ಬಳೇ ಬಂದಳು. ಓಡಿ ಬಂದಿದ್ದಳು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಒಂದು ಕೈಯಲ್ಲಿ ತಾತನ ಮೊಬೈಲು. ಅದನ್ನು ನನ್ನ ಮುಂದೆ ಹಿಡಿದಳು. ತಿದ್ದುಪಡಿ ಒಪ್ಪಿಗೆಯಾಗಿದೆ ಎಂಬ ಸಂದೇಶ. ಅದರ ಕೆಳಗೆ ಕಾರ್ಡಿನ ಚಿತ್ರ. ನಾನು ಕನ್ನಡಕ ಹಾಕಿಕೊಂಡು ಓದಿದೆ: ಜುಹಾ. ಅವಳ ಚೀಲದಿಂದ ಶಾಲೆಯ ಹೊಸ ಪತ್ರ ಇಣುಕುತ್ತಿತ್ತು, ಅದರಲ್ಲೂ ಜುಹಾ. ತಾತ ಹೊರಗೆ ಆಟೋದಲ್ಲಿ ಕಾಯುತ್ತಿದ್ದಾರೆ, ಈಗಲೇ ವಸತಿ ಶಾಲೆಗೆ ಹೊರಟಿದ್ದೇವೆ ಎಂದಳು. ಆಮೇಲೆ ಸಾಲಿನ ಪಕ್ಕದಿಂದ ಕೌಂಟರಿನ ಹಿಂದಕ್ಕೆ ಹೋದಳು.

ಅಲ್ಲಿ ಯಾವ-ಜ ಮೇಡಂ ಒಬ್ಬ ಮುದುಕಿಯ ಕಡೆ ಬಾಗಿ ಕೂತಿದ್ದಳು. ಮುದುಕಿಗೆ ಕೋಪ ಬಂದಿತ್ತು.

"ಅಜೀಜಾ ಅಂದೆನಲ್ಲ!"

"ಗೊತ್ತಾಯ್ತು ಅಜ್ಜಿ. ಇದರಲ್ಲಿ ಎರಡಿದಾವೆ. ಮನೇಲಿ ಯಾರದಾದ್ರೂ ಹಳೇ ಕಾಗದ ತಂದಿದೀರಾ? ಯಾವ ಜ ಬರೀತಾ ಬಂದಿದೀರಿ, ನೋಡೋಣ."

ಅವಳು ತಿರುಗಿ ನೋಡಲಿಲ್ಲ. ಗುಬ್ಬಿಯೂ ಮಾತಾಡಿಸಲಿಲ್ಲ. ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಡಬ್ಬಿಯೊಂದನ್ನು ತೆಗೆದಳು. ಅಂಚು ನೀಟಾಗಿ ಮಡಚಿ ಹೊಲಿದ ಬಟ್ಟೆ, ತಾತನ ಕೈಯದೇ ಇರಬೇಕು. ಡಬ್ಬಿ ಇನ್ನೂ ಬಿಸಿಯಿತ್ತು, ಬಟ್ಟೆಯ ಒಳಗಿನಿಂದ ಸಣ್ಣಗೆ ಹಬೆ ಬರುತ್ತಿತ್ತು. ಅದನ್ನು ಅವಳು ನೋಟ್‌ಬುಕ್ಕಿನ ಪಕ್ಕ, ಯಾವ-ಜ ಮೇಡಂಳ ಎಡಗೈಗೆ ತಾಗುವ ಹಾಗೆ ಮೆಲ್ಲಗೆ ಇಟ್ಟಳು.

ಮೇಡಂಳ ಬಲಗೈ ಅಕ್ಷರ ಒತ್ತುತ್ತಲೇ ಇತ್ತು. ಎಡಗೈ ಡಬ್ಬಿಯ ಬಿಸಿಯ ಮೇಲೆ ಹೋಗಿ ಕೂತಿತು.